ನನಗೆ 15 ಪರ್ಸೆಂಟ್, ಅವಳಿಗೆ 8 ಪರ್ಸೆಂಟ್: ದುಡ್ಡು ಜಾಸ್ತಿ ಬಂದಿದ್ದು ಯಾರಿಗೆ?

2025ರ ಇನ್ಕ್ರಿಮೆಂಟ್ ವಿಷಯ ನನ್ನ ಮಟ್ಟಿಗೆ ಫೆಬ್ರವರಿಯಲ್ಲಿ ಶುರುವಾಗಿ ಸೆಪ್ಟೆಂಬರ್‌ಗೆ ಮುಗಿಯಿತು. ನಡುವೆ ಒಂದು ತಿಂಗಳು ತುಂಬಾ ಖುಷಿಯಾಗಿದ್ದೆ, ಆಮೇಲೆ ಒಂದು ತಿಂಗಳು ಸರಿಯಾಗಿ ನಿದ್ದೆ ಬರಲಿಲ್ಲ. ಮೋಸ ಯಾರೂ ಮಾಡಿರಲಿಲ್ಲ. ಲೆಟರ್‌ನಲ್ಲಿದ್ದ ಒಂದು ಪರ್ಸೆಂಟ್ ಅಂಕಿಯನ್ನು ನಾನು ದುಡ್ಡು ಅಂತ ಓದಿಕೊಂಡಿದ್ದೆ, ಅಷ್ಟೇ. ಈಗ ಲೆಟರ್ ಕೈಗೆ ಬಂದಿರುವವರು, ಬರಲಿ ಅಂತ ಕಾಯುತ್ತಿರುವವರು ಬಹಳ ಜನ ಇರುತ್ತೀರಿ. ನಿಮಗೆ ಹಾಗಾಗಬಾರದು ಅಂತ ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ನಾನು ಮತ್ತು ನನ್ನ ಗೆಳತಿ ಶಿವಮೊಗ್ಗದಲ್ಲಿ ಒಂದೇ ಬೆಂಚಲ್ಲಿ ಕೂತು ಬಿ.ಕಾಂ. ಓದಿದವರು. ನಾನು ಪೀಣ್ಯದ ಒಂದು ಕಂಪನಿಯಲ್ಲಿ ಅಕೌಂಟ್ಸ್ ವಿಭಾಗಕ್ಕೆ ಸೇರಿದೆ. ಅವಳು ಟೆಸ್ಟಿಂಗ್ ಕೋರ್ಸ್ ಮಾಡಿ ಸಾಫ್ಟ್‌ವೇರ್ ಕಡೆ ಹೋದಳು. ನಾನಿರುವುದು ರಾಜಾಜಿನಗರದ ಪಿಜಿಯಲ್ಲಿ, ಅವಳು ವಿಜಯನಗರದಲ್ಲಿ ಸಣ್ಣ ಮನೆ ಮಾಡಿಕೊಂಡಿದ್ದಾಳೆ. ಅವಳ ಸಂಬಳ ನನ್ನದಕ್ಕಿಂತ ಜಾಸ್ತಿ ಅಂತ ಗೊತ್ತಿತ್ತು. ಎಷ್ಟು ಅಂತ ನಾನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

ಫೆಬ್ರವರಿ ಕೊನೆಯಲ್ಲಿ ನಮ್ಮಲ್ಲಿ ಸೆಲ್ಫ್ ಅಪ್ರೈಸಲ್ ಫಾರಂ ಬಂತು. ವರ್ಷದಲ್ಲಿ ಏನೇನು ಕೆಲಸ ಮಾಡಿದೆ ಅಂತ ನಾವೇ ಬರೆಯಬೇಕು. ಮಾರ್ಚ್‌ನಲ್ಲಿ ಮ್ಯಾನೇಜರ್ ಕರೆದು ಇಪ್ಪತ್ತು ನಿಮಿಷ ಮಾತಾಡಿದರು. ಜಿಎಸ್‌ಟಿ ಕೆಲಸ ಪೂರ್ತಿ ನಾನೇ ನೋಡಿಕೊಂಡಿದ್ದಕ್ಕೆ "ಒಳ್ಳೆ ಕೆಲಸ ಮಾಡಿದೀರಿ" ಅಂದರು. ಅಲ್ಲಿಂದ ಮುಂದೆ ಸದ್ದೇ ಇಲ್ಲ. ಏಪ್ರಿಲ್ ಹೋಯಿತು, ಮೇ ಹೋಯಿತು. ದಿನಾ ಬೆಳಿಗ್ಗೆ ಆಫೀಸಿಗೆ ಹೋದ ತಕ್ಷಣ ಮೇಲ್ ನೋಡುವುದು, ಬೇಜಾರಾಗುವುದು. ಕಾಯುವವರಿಗೆ ಒಂದು ಸಮಾಧಾನದ ಮಾತು: ಲೆಟರ್ ತಡವಾದರೂ ಏಪ್ರಿಲ್‌ನಿಂದಲೇ ಲೆಕ್ಕ ಹಾಕಿ ಬಾಕಿ ಕೊಡುವ ಪದ್ಧತಿ ಸುಮಾರು ಕಡೆ ಇದೆ. ಯಾವ ತಾರೀಕಿನಿಂದ ಜಾರಿ ಅಂತ ಲೆಟರ್‌ನಲ್ಲಿ ಬರೆದಿರುತ್ತದೆ, ಮೊದಲು ಅದನ್ನು ನೋಡಿ.

ಅವಳಿಗೆ ಏಪ್ರಿಲ್‌ನಲ್ಲೇ ಲೆಟರ್ ಬಂದಿತ್ತು. ಫೋನ್ ಮಾಡಿದಾಗ ದನಿ ಸಪ್ಪೆಯಾಗಿತ್ತು.

"ಎಂಟೇ ಪರ್ಸೆಂಟ್ ಕಣೇ. ಇಷ್ಟು ದುಡಿದಿದ್ದಕ್ಕೆ ಎಂಟು."

ನನಗೂ ಪಾಪ ಅನಿಸಿತು. "ಹೋಗ್ಲಿ ಬಿಡೇ, ಮುಂದಿನ ವರ್ಷ ಸರಿಯಾಗಿ ಕೊಡ್ತಾರೆ" ಅಂದೆ.

ನನ್ನ ಲೆಟರ್ ಜೂನ್ 12ಕ್ಕೆ ಬಂತು. 15 ಪರ್ಸೆಂಟ್! ನಮ್ಮ ವಿಭಾಗದಲ್ಲಿ ಅದೇ ಅತಿ ಹೆಚ್ಚು. ಲೆಟರ್‌ನಲ್ಲಿ ಸಿಟಿಸಿ, ಅಂದರೆ ಕಂಪನಿ ನನಗಾಗಿ ಮಾಡುವ ಒಟ್ಟು ಖರ್ಚು, ವರ್ಷಕ್ಕೆ 3,05,280 ಇದ್ದದ್ದು 3,51,072 ರೂಪಾಯಿ ಆಗಿತ್ತು. ಕ್ಯಾಲ್ಕುಲೇಟರ್ ತೆಗೆದು 12ರಿಂದ ಭಾಗಿಸಿದೆ. ತಿಂಗಳಿಗೆ 3,816 ರೂಪಾಯಿ ಜಾಸ್ತಿ. ಹತ್ತಿರ ಹತ್ತಿರ ನಾಲ್ಕು ಸಾವಿರ ಅಂತ ಮನಸ್ಸಿನಲ್ಲಿ ಕೂತುಬಿಟ್ಟಿತು. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಆ ಭಾನುವಾರ ಗೆಳತಿಯನ್ನು ಕರೆದುಕೊಂಡು ಹೋಗಿ ಮಸಾಲೆ ದೋಸೆ ಕೊಡಿಸಿದೆ. ಎಂಟು ಪರ್ಸೆಂಟ್ ಸಿಕ್ಕವಳಿಂದ ಬಿಲ್ ಕಟ್ಟಿಸಬಾರದು ಅಂತ ನಾನೇ ಕಟ್ಟಿದೆ.

ಜೂನ್ ಕೊನೆಗೆ ಸಂಬಳ ಬಿತ್ತು. ಮೇ ತಿಂಗಳಲ್ಲಿ 22,560 ಬಂದಿದ್ದ ಅಕೌಂಟಿಗೆ ಈಗ 32,512 ಬಂದಿತ್ತು. ಹತ್ತು ಸಾವಿರದಷ್ಟು ಜಾಸ್ತಿ! ಏಪ್ರಿಲ್ ಮತ್ತು ಮೇ ತಿಂಗಳ ಬಾಕಿ ಸೇರಿದೆ ಅಂತ ಬುದ್ಧಿಗೆ ಗೊತ್ತಿತ್ತು. ಆದರೆ ಆ ಎಸ್ಎಂಎಸ್ ನೋಡಿದ ಖುಷಿಗೆ ಅದು ಗೊತ್ತಿರಲಿಲ್ಲ. ಊರಿಗೆ 5,000 ಕಳಿಸಿದೆ. ಆಫೀಸಿನಲ್ಲಿ ಇಪ್ಪತ್ತು ಜನ ಸೇರಿ ಒಂದು ಚೀಟಿ ಶುರು ಮಾಡುತ್ತಿದ್ದರು, ತಿಂಗಳಿಗೆ 4,000ದಂತೆ ಇಪ್ಪತ್ತು ತಿಂಗಳು, 80,000ದ ಚೀಟಿ. "ಜಾಸ್ತಿಯಾದ ಸಂಬಳ ಸೀದಾ ಚೀಟಿಗೆ ಹೋಗಲಿ, ಹಳೆ ಸಂಬಳದಲ್ಲಿ ಹೇಗೂ ಜೀವನ ನಡೀತಿತ್ತಲ್ವಾ" ಅಂದುಕೊಂಡು ಹೆಸರು ಬರೆಸಿದೆ. ಜುಲೈ 5ಕ್ಕೆ ಮೊದಲ ಕಂತು ಕಟ್ಟಿದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಬಾಕಿ ಸೇರಿ ಬಂದ ಮೊದಲ ತಿಂಗಳ ಸಂಬಳ ನೋಡಿ ಯಾವ ತಿಂಗಳ ಕಂತನ್ನೂ ಒಪ್ಪಿಕೊಳ್ಳಬೇಡಿ. ಎರಡನೇ ತಿಂಗಳ ಸಂಬಳ ಬರುವವರೆಗೆ ತಡೆಯಿರಿ. ನಿಮ್ಮ ನಿಜವಾದ ಹೊಸ ಸಂಬಳ ಅದೇ.

ಜುಲೈ 31ಕ್ಕೆ ಬಿದ್ದದ್ದು 25,744. ಮೇ ತಿಂಗಳಿಗಿಂತ 3,184 ಜಾಸ್ತಿ. ಲೆಟರ್ ನೋಡಿ ಲೆಕ್ಕ ಹಾಕಿದ 3,816ರಲ್ಲಿ 632 ರೂಪಾಯಿ ಎಲ್ಲಿ ಹೋಯಿತು ಅಂತ ತಿಳಿಯಲಿಲ್ಲ. ಚೀಟಿಗೆ 4,000 ಬೇಕು, ಜಾಸ್ತಿ ಬಂದದ್ದೇ ಅದಕ್ಕಿಂತ ಕಡಿಮೆ. ಉಳಿದದ್ದನ್ನು ಹಳೆ ಸಂಬಳದಿಂದ ತೆಗೆಯಬೇಕು. ಪಿಜಿ ಬಾಡಿಗೆ, ಮೆಟ್ರೋ ಕಾರ್ಡ್, ಊರಿಗೆ ಕಳಿಸುವುದು ಎಲ್ಲ ಕಳೆದರೆ ಹಳೆ ಸಂಬಳದಲ್ಲಿ ಉಳಿಯುತ್ತಿದ್ದದ್ದೇ ಅಷ್ಟಕ್ಕಷ್ಟೆ. ಸಂಬಳ ಜಾಸ್ತಿಯಾಗಿ ತಿಂಗಳು ಬಿಗಿಯಾಯಿತಲ್ಲ ಅಂತ ಅಳು ಬಂತು.

ಆಗಸ್ಟ್ 3, ಭಾನುವಾರ. ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಿಸಿ ವಿಜಯನಗರಕ್ಕೆ ಅವಳ ಮನೆಗೆ ಹೋದೆ. ನನ್ನ ಮುಖ ನೋಡಿಯೇ "ಏನಾಯ್ತೇ?" ಅಂದಳು. ಎಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಫೋನ್ ತೆಗೆದು ಅವಳ ಪೇಸ್ಲಿಪ್ ನನ್ನ ಮುಂದಿಟ್ಟಳು.

"ನೀನೂ ತೆಗಿ. ಇಬ್ಬರದ್ದೂ ಸಾಲು ಸಾಲಾಗಿ ನೋಡೋಣ."

ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಪುಸ್ತಕ ಇತ್ತು. ಅದರ ಹಿಂದಿನ ಹಾಳೆಯಲ್ಲಿ ನಡುವೆ ಗೆರೆ ಎಳೆದು ಎಡಕ್ಕೆ ನನ್ನ ಹೆಸರು, ಬಲಕ್ಕೆ ಅವಳ ಹೆಸರು ಬರೆದಳು.

ನನ್ನ ಹಳೆ ಗ್ರಾಸ್ ಸಂಬಳ, ಅಂದರೆ ಕಡಿತಕ್ಕೆ ಮುಂಚಿನದು, 24,000. ಅದರಲ್ಲಿ ಬೇಸಿಕ್ ಅರ್ಧ, ಅಂದರೆ 12,000. ಪಿಎಫ್‌ಗೆ ಬೇಸಿಕ್‌ನ 12 ಪರ್ಸೆಂಟ್, 1,440 ಕಳೆಯುತ್ತಿತ್ತು. ಕೈಗೆ 22,560. ಕಂಪನಿಯೂ ತನ್ನ ಪಾಲು ಅಂತ 1,440 ಪಿಎಫ್‌ಗೆ ಹಾಕುತ್ತದೆ. ಅದು ನನ್ನ ಪೇಸ್ಲಿಪ್‌ನಲ್ಲಿ ಕಾಣದಿದ್ದರೂ ಸಿಟಿಸಿಯಲ್ಲಿ ಸೇರಿರುತ್ತದೆ. ಹಾಗಾಗಿ ತಿಂಗಳ ಸಿಟಿಸಿ 25,440. ಇನ್ಕ್ರಿಮೆಂಟ್ ಲೆಕ್ಕ ಹಾಕುವುದು ಈ ಸಿಟಿಸಿ ಮೇಲೆ.

ಈಗ ಹೊಸದು. ಗ್ರಾಸ್ 27,600, ಬೇಸಿಕ್ 13,800. ಪಿಎಫ್ 1,656. ಇದಾದ ಮೇಲೆ ಇನ್ನೊಂದು ಸಾಲು ಹೊಸದಾಗಿ ಕಾಣಿಸಿತು. ಪ್ರೊಫೆಷನಲ್ ಟ್ಯಾಕ್ಸ್ 200. ಹಳೆ ಸ್ಲಿಪ್‌ನಲ್ಲಿ ಅದು ಇರಲೇ ಇಲ್ಲ.

"ಇದು ಯಾಕೆ ಈಗ ಬಂತು?" ಅಂದೆ.

"ನಿನ್ನ ಸಂಬಳ ಇಪ್ಪತ್ತೈದು ಸಾವಿರ ದಾಟ್ತು ಕಣೇ. ನನಗೆ ಮೊದಲಿಂದಲೂ ಕಟ್ ಆಗ್ತಾ ಇದೆ" ಅಂದಳು.

ಅಕೌಂಟ್ಸ್ ಕೆಲಸ ಮಾಡುವ ನನಗೆ ಇದು ಗೊತ್ತಿರಬೇಕಿತ್ತು. ಕರ್ನಾಟಕದಲ್ಲಿ 2023ರ ಏಪ್ರಿಲ್‌ನಿಂದ ತಿಂಗಳ ಸಂಬಳ 25,000ಕ್ಕಿಂತ ಕಡಿಮೆ ಇದ್ದವರಿಗೆ ವೃತ್ತಿ ತೆರಿಗೆ ಇಲ್ಲ. 25,000 ಆಯಿತು ಅಂದರೆ ತಿಂಗಳಿಗೆ 200. 2025ರ ಏಪ್ರಿಲ್‌ನಿಂದ ಫೆಬ್ರವರಿಯಲ್ಲಿ ಮಾತ್ರ 300, ವರ್ಷಕ್ಕೆ ಒಟ್ಟು 2,500 ಆಗುತ್ತದೆ. 24,000ದಿಂದ 27,600ಕ್ಕೆ ಹೋಗುವಾಗ ನಾನು ಆ ಗೆರೆ ದಾಟಿದ್ದೆ. ನಿಮ್ಮ ಸಂಬಳ ಈ ಗೆರೆಯ ಆಸುಪಾಸಿನಲ್ಲಿದ್ದರೆ ಲೆಟರ್ ಬಂದ ದಿನವೇ 200 ಕಳೆದು ನೋಡಿ. ಇದಕ್ಕಿಂತ ಕಡಿಮೆ ಸಂಬಳದವರಿಗೆ 21,000ದ ಹತ್ತಿರ ಇನ್ನೊಂದು ಗೆರೆ ಇದೆ. ಅದನ್ನು ದಾಟಿದವರು ಇಎಸ್ಐನಿಂದ ಹೊರಗೆ ಬರುತ್ತಾರೆ. ಆಗ ಕಡಿತ ನಿಲ್ಲುತ್ತದೆ, ಮನೆಮಂದಿಗೆ ಸಿಗುತ್ತಿದ್ದ ಚಿಕಿತ್ಸೆ ಸೌಲಭ್ಯವೂ ಆಮೇಲೆ ನಿಲ್ಲುತ್ತದೆ. ಅರ್ಧವರ್ಷದ ಅವಧಿಯ ನಡುವೆ ದಾಟಿದರೆ ಅವಧಿ ಮುಗಿಯುವವರೆಗೆ ಕಡಿತ ಮುಂದುವರಿಯುತ್ತದೆ.

ಹಾಳೆಯಲ್ಲಿ 3,816 ಎಲ್ಲೆಲ್ಲಿ ಹೋಯಿತು ಅಂತ ಬರೆದೆವು. ನನ್ನ ಪಿಎಫ್‌ಗೆ 216 ಜಾಸ್ತಿ. ಕಂಪನಿ ಪಾಲಿನ ಪಿಎಫ್‌ಗೆ ಇನ್ನೊಂದು 216. ತೆರಿಗೆ 200. ಉಳಿದ 3,184 ಕೈಗೆ. ನಾಲ್ಕನ್ನೂ ಕೂಡಿದರೆ 3,816, ಒಂದು ರೂಪಾಯಿಯೂ ಆಚೀಚೆ ಇಲ್ಲ. ಪಿಎಫ್ ದುಡ್ಡು ಕಳೆದುಹೋದದ್ದಲ್ಲ, ನನ್ನದೇ. ಆದರೆ ಚೀಟಿ ಕಂತಿಗೆ ಅದು ಬರುವುದಿಲ್ಲ. (ಪಾಸ್‌ಬುಕ್ ತೆಗೆದು ನೋಡುವವರಿಗೆ: ಕಂಪನಿ ಹಾಕುವ ಪಾಲಿನ ದೊಡ್ಡ ಭಾಗ, ಬೇಸಿಕ್‌ನ 8.33 ಪರ್ಸೆಂಟ್, ಪೆನ್ಷನ್ ಕಡೆಗೆ ಹೋಗುತ್ತದೆ. ಹಾಗಾಗಿ ಅಲ್ಲಿ ಎರಡೂ ಪಾಲು ಸಮ ಕಾಣುವುದಿಲ್ಲ, ಗಾಬರಿಯಾಗಬೇಡಿ.)

ಆಮೇಲೆ ಅವಳ ಕಡೆ ಬಂದೆವು. ಅವಳ ಹಳೆ ಗ್ರಾಸ್ 60,000. ಆ ಅಂಕಿ ನಾನು ನೋಡಿದ್ದು ಅವತ್ತೇ ಮೊದಲು. ಎದೆ ಧಸಕ್ ಅಂತು, ಸುಳ್ಳು ಹೇಳುವುದಿಲ್ಲ. ಅವಳೂ ತಲೆ ಎತ್ತಲಿಲ್ಲ, ಪೆನ್ ಹಿಡಿದು ಬರೆಯುತ್ತಲೇ ಇದ್ದಳು.

ಅವಳಿಗೆ ಪಿಎಫ್ 1,800. ಕಾನೂನು ಪ್ರಕಾರ ಕಡ್ಡಾಯ ಪಿಎಫ್‌ಗೆ ಹಿಡಿಯುವ ಸಂಬಳದ ಮಿತಿ 15,000. ಅವಳ ಕಂಪನಿ ಅಷ್ಟಕ್ಕೇ 12 ಪರ್ಸೆಂಟ್ ಹಿಡಿದು ನಿಲ್ಲಿಸುತ್ತದೆ. ವೃತ್ತಿ ತೆರಿಗೆ 200. ಎರಡೂ ಕಳೆದು ಕೈಗೆ 58,000. ಕಂಪನಿಯ ಪಾಲು 1,800 ಸೇರಿ ಸಿಟಿಸಿ 61,800. ಅದರ 8 ಪರ್ಸೆಂಟ್ ಎಷ್ಟು? 4,944. ಪಿಎಫ್ ಆಗಲೇ ಮಿತಿಗೆ ಮುಟ್ಟಿದೆ, ಹಾಗಾಗಿ ಅದು ಬೆಳೆಯುವುದಿಲ್ಲ. ತೆರಿಗೆ ಅದೇ 200. ಇನ್ಕಂ ಟ್ಯಾಕ್ಸ್ ನೋಡಿದರೆ, ಹೊಸ ಪದ್ಧತಿಯಲ್ಲಿ 2025-26ರ ಹಣಕಾಸು ವರ್ಷಕ್ಕೆ ಸಂಬಳದವರಿಗೆ 12.75 ಲಕ್ಷದವರೆಗೆ ಕಟ್ಟುವುದೇನೂ ಇಲ್ಲ, ಅವಳದ್ದು ವರ್ಷಕ್ಕೆ ಎಂಟು ಲಕ್ಷದ ಒಳಗೇ ಇದೆ. ಅಂದರೆ 4,944ರಲ್ಲಿ ಎಲ್ಲೂ ಏನೂ ಕಡಿತವಿಲ್ಲ. ಅಷ್ಟೂ ಕೈಗೆ ಬಂದು 62,944 ಆಯಿತು.

ಅವಳು ಎರಡೂ ಅಂಕಿಯ ಸುತ್ತ ಗೋಲ ಹಾಕಿದಳು. ಎಡಕ್ಕೆ 3,184. ಬಲಕ್ಕೆ 4,944.

ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವಳೇ ಮೊದಲು ಅಂದಳು: "ನಾನು ಎಂಟು ಎಂಟು ಅಂತ ನಿನ್ನ ಹತ್ರ ಅತ್ತೆನಲ್ಲೇ. ಸಾರಿ ಕಣೇ." ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳ ಬೇಜಾರೂ ಸುಳ್ಳಲ್ಲ. ಅವಳ ಟೀಮಿನಲ್ಲಿ ಬೇರೆಯವರಿಗೆ ಹನ್ನೆರಡು ಸಿಕ್ಕಿತ್ತಂತೆ. ಅವಳು ಹೋಲಿಸಿಕೊಂಡದ್ದು ಅವರ ಜೊತೆ. ನಾನು ಹೋಲಿಸಿಕೊಂಡದ್ದು ಅವಳ ಜೊತೆ. ತಪ್ಪಾದದ್ದು ಅಲ್ಲೇ. ಒಂದೇ ಟೀಮಿನಲ್ಲಿ ಹೆಚ್ಚುಕಡಿಮೆ ಒಂದೇ ಸಂಬಳ ಇದ್ದವರ ನಡುವೆ ಪರ್ಸೆಂಟ್ ಹೋಲಿಸಿದರೆ ಏನೋ ಗೊತ್ತಾಗುತ್ತದೆ. ಸಂಬಳವೇ ಎರಡೂವರೆ ಪಟ್ಟು ಬೇರೆ ಇದ್ದಾಗ ಪರ್ಸೆಂಟ್ ನೋಡಿ ಯಾರಿಗೆ ಎಷ್ಟು ದುಡ್ಡು ಬಂತು ಅಂತ ಹೇಳಲು ಆಗುವುದೇ ಇಲ್ಲ.

ಹಾಗಾದರೆ ಅವಳಷ್ಟೇ ರೂಪಾಯಿ ಜಾಸ್ತಿಯಾಗಲು ನನಗೆ ಎಷ್ಟು ಪರ್ಸೆಂಟ್ ಬೇಕಿತ್ತು? ಇದನ್ನು ಲೆಕ್ಕ ಹಾಕುವುದು ಸುಲಭ. ಅವಳ ಸಿಟಿಸಿ 61,800, ನನ್ನದು 25,440. ಭಾಗಿಸಿದರೆ 2.43. ಅವಳ ಸಂಬಳ ನನ್ನದರ 2.43 ಪಟ್ಟು ಇದ್ದರೆ ನನ್ನ ಪರ್ಸೆಂಟ್ ಅವಳ ಪರ್ಸೆಂಟಿನ 2.43 ಪಟ್ಟು ಇರಬೇಕು. ಎಂಟನ್ನು ಅದರಿಂದ ಗುಣಿಸಿದರೆ 19.4. ಅದೂ ಸಿಟಿಸಿ ಲೆಕ್ಕದಲ್ಲಿ ಮಾತ್ರ, ಕೈಗೆ ಬರುವ ಲೆಕ್ಕದಲ್ಲಿ ಇನ್ನೂ ಜಾಸ್ತಿ ಬೇಕು. ನನ್ನ 15 ಅವಳ 8ರ ಎರಡು ಪಟ್ಟೂ ಇರಲಿಲ್ಲ.

ಇಷ್ಟಾದ ಮೇಲೂ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಉಳಿದಿತ್ತು. ನನ್ನದು ವೇಗವಾಗಿ ಬೆಳೆಯುತ್ತಿದೆ ತಾನೇ, ಅಂತರ ಕಡಿಮೆಯಾಗಬೇಕಲ್ವಾ? ಮೇ ತಿಂಗಳಲ್ಲಿ ನಮ್ಮಿಬ್ಬರ ಕೈಗೆ ಬರುವ ಸಂಬಳದ ಅಂತರ, ಅವಳ ಹಳೆ ಸಂಬಳ ಹಿಡಿದರೆ, 35,440 ಇತ್ತು. ಈಗ 37,200. ಅಂತರ 1,760 ರೂಪಾಯಿ ಜಾಸ್ತಿಯೇ ಆಗಿದೆ. ಆದರೆ ಪಟ್ಟಿನ ಲೆಕ್ಕದಲ್ಲಿ ನೋಡಿದರೆ ಮೊದಲು ಅವಳದು ನನ್ನದರ 2.57 ಪಟ್ಟು, ಈಗ 2.44 ಪಟ್ಟು. ರೂಪಾಯಿಯಲ್ಲಿ ದೂರ ಹೋದೆವು, ಪಟ್ಟಿನಲ್ಲಿ ಹತ್ತಿರ ಬಂದೆವು. ಎರಡೂ ನಿಜ.

ಮರುದಿನ ಊಟದ ಹೊತ್ತಿನಲ್ಲಿ ಆಫೀಸಿನ ಕಂಪ್ಯೂಟರಿನಲ್ಲಿ ಎಕ್ಸೆಲ್ ತೆಗೆದು ಮುಂದಕ್ಕೂ ಹಾಕಿ ನೋಡಿದೆ. ಪ್ರತಿ ವರ್ಷ ನನಗೆ 15, ಅವಳಿಗೆ 8 ಸಿಗುತ್ತಲೇ ಹೋದರೆ ಏನಾಗುತ್ತದೆ ಅಂತ. ಎರಡನೇ ವರ್ಷ ತಿಂಗಳ ಸಿಟಿಸಿಯಲ್ಲಿ ನನಗೆ ಜಾಸ್ತಿಯಾಗುವುದು 4,388, ಅವಳಿಗೆ 5,340. ಐದನೇ ವರ್ಷಕ್ಕೆ ಹೆಚ್ಚುಕಡಿಮೆ ಸಮ, ನನಗೆ 6,674, ಅವಳಿಗೆ 6,726. ಆರನೇ ಇನ್ಕ್ರಿಮೆಂಟ್‌ನಲ್ಲಿ ಮೊದಲ ಸಲ ನನ್ನ ರೂಪಾಯಿ ಅವಳದನ್ನು ದಾಟುತ್ತದೆ. ಅಲ್ಲಿಯವರೆಗೆ ಐದು ವರ್ಷ ಅಂತರ ದೊಡ್ಡದಾಗುತ್ತಲೇ ಇರುತ್ತದೆ. ಸತತ ಆರು ವರ್ಷ 15 ಪರ್ಸೆಂಟ್ ಕೊಟ್ಟದ್ದನ್ನು ನಮ್ಮ ಕಂಪನಿಯಲ್ಲಿ ನಾನು ನೋಡಿಲ್ಲ. ಆ ಶೀಟ್ ನೋಡಿದ ಮೇಲೆ ಪರ್ಸೆಂಟ್ ನಂಬಿಕೊಂಡು ಕೂತರೆ ಆಗುವುದಿಲ್ಲ ಅಂತ ಖಚಿತವಾಯಿತು.

ಎಚ್ಆರ್‌ಗೆ ಮೇಲ್ ಬರೆದೆ. ಹೊಸ ಸಂಬಳದ ವಿವರದ ಪಟ್ಟಿ, ಅಂದರೆ ಬೇಸಿಕ್, ಎಚ್ಆರ್‌ಎ, ಪಿಎಫ್ ಎಲ್ಲ ಬಿಡಿಬಿಡಿಯಾಗಿ ಇರುವ ಅನೆಕ್ಷರ್ ಬೇಕು ಅಂತ ಕೇಳಿದೆ. ನನಗೆ ಬಂದ ಲೆಟರ್‌ನಲ್ಲಿ ಅದು ಇರಲೇ ಇಲ್ಲ, ನಾನೂ ಕೇಳಿರಲಿಲ್ಲ. ಒಂಬತ್ತು ದಿನ ಉತ್ತರ ಬರಲಿಲ್ಲ. ಮತ್ತೆ ನೆನಪಿಸಿದ ಮೇಲೆ ಬಾ ಅಂತ ಕರೆದರು. ಹೋಗುವಾಗ ಮೇ ಸ್ಲಿಪ್, ಜುಲೈ ಸ್ಲಿಪ್, ಲೆಟರ್ ಮೂರನ್ನೂ ಪ್ರಿಂಟ್ ಮಾಡಿಕೊಂಡು ಹೋಗಿದ್ದೆ. ಜೂನ್ ಸ್ಲಿಪ್ ಬೇಕೆಂದೇ ಬಿಟ್ಟೆ, ಬಾಕಿ ಸೇರಿದ ತಿಂಗಳು ಹೋಲಿಕೆಗೆ ಬರುವುದಿಲ್ಲ.

ಎಚ್ಆರ್ ಮೇಡಂ ಚೆನ್ನಾಗಿಯೇ ಮಾತಾಡಿದರು. ಲೆಕ್ಕದಲ್ಲಿ ತಪ್ಪಿಲ್ಲ ಅಂತ ತೋರಿಸಿದರು, ಅದು ನನಗೆ ಆಗಲೇ ಗೊತ್ತಾಗಿತ್ತು. "ನಿಮ್ಮ ಗ್ರೇಡ್‌ಗೆ ಸಂಬಳ ಕಡಿಮೆ, ಅದಕ್ಕೇ ಪರ್ಸೆಂಟ್ ಜಾಸ್ತಿ ಇಟ್ಟಿರ್ತಾರೆ. ಮೇಲಿನವರಿಗೆ ಆರು, ಏಳು ಅಷ್ಟೇ" ಅಂದರು.

"ಮೇಡಂ, ಆರು ಪರ್ಸೆಂಟ್‌ನಲ್ಲಿ ಅವರಿಗೆ ಬರೋ ರೂಪಾಯಿ ನನಗಿಂತ ಜಾಸ್ತಿ ಇರುತ್ತಲ್ವಾ?"

ಅವರು ಹೌದು ಅಂದರು. ಆಮೇಲೆ ಒಂದು ಉಪಯೋಗದ ವಿಷಯ ಹೇಳಿದರು. ಸೀನಿಯರ್ ಗ್ರೇಡ್‌ಗೆ ಕನಿಷ್ಠ ಗ್ರಾಸ್ 32,000 ಅಂತ ನಿಗದಿಯಿದೆ. ಅದು ಪರ್ಸೆಂಟ್ ಲೆಕ್ಕವಲ್ಲ, ಗ್ರೇಡ್ ಸಿಕ್ಕಿದರೆ ಅಷ್ಟು ಕೊಡಲೇಬೇಕು. ನನ್ನ 27,600ರಿಂದ ಅಲ್ಲಿಗೆ 4,400 ರೂಪಾಯಿ. ಒಂದು ವರ್ಷದ ಇನ್ಕ್ರಿಮೆಂಟ್‌ಗಿಂತ ಜಾಸ್ತಿ. ಜನವರಿಯಲ್ಲಿ ಗ್ರೇಡ್ ಬದಲಾವಣೆಗೆ ಹೆಸರು ಕಳಿಸುತ್ತಾರೆ, ಅದಕ್ಕೆ ಮ್ಯಾನೇಜರ್ ಶಿಫಾರಸು ಬೇಕು. ಇದನ್ನು ನನಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ನಿಮ್ಮಲ್ಲೂ ಗ್ರೇಡ್‌ಗೆ ಕನಿಷ್ಠ ಸಂಬಳ ಅಂತ ಇದೆಯಾ ಅಂತ ಕೇಳಿ ನೋಡಿ. ಕಡಿಮೆ ಸಂಬಳದಲ್ಲಿರುವವರಿಗೆ ಒಂದೆರಡು ಪರ್ಸೆಂಟ್‌ಗೆ ಜಗ್ಗಾಡುವುದಕ್ಕಿಂತ ಆ ಗೆರೆ ಮುಟ್ಟುವುದರಲ್ಲೇ ದುಡ್ಡಿದೆ. ಕೇಳುವಾಗ ರೂಪಾಯಿಯಲ್ಲೇ ಕೇಳಿ. ಮ್ಯಾನೇಜರ್ ಹತ್ತಿರ ನಾನು ಹಾಗೇ ಕೇಳಿದೆ: "ಸರ್, ಜನವರಿ ಪಟ್ಟಿಯಲ್ಲಿ ನನ್ನ ಹೆಸರು ಸೇರಿಸ್ತೀರಾ? ನನಗೆ ಗ್ರಾಸ್ 32,000 ಬೇಕು." ಅವರು ಎರಡು ದಿನ ಬಿಟ್ಟು, ಆಡಿಟ್ ಕೆಲಸ ಒಬ್ಬಳೇ ನಿಭಾಯಿಸಿ ತೋರಿಸಿದರೆ ಕಳಿಸುತ್ತೇನೆ ಅಂತ ಮೇಲ್‌ನಲ್ಲೇ ಬರೆದು ಕೊಟ್ಟರು. ಆ ಮೇಲ್ ಜೋಪಾನ ಮಾಡಿಟ್ಟಿದ್ದೇನೆ.

ಚೀಟಿಯದ್ದೇ ಉಳಿದಿತ್ತು. ಆಗಸ್ಟ್ ಕಂತನ್ನು ಹೇಗೋ ಕಟ್ಟಿದ್ದೆ, ಆ ತಿಂಗಳು ಊರಿಗೆ ಕಡಿಮೆ ಕಳಿಸಿ. ನಡುವೆ ಬಿಟ್ಟರೆ ಕಟ್ಟಿದ ದುಡ್ಡು ಕೊನೆಯವರೆಗೆ ಸಿಗುವುದಿಲ್ಲ, ಆಫೀಸಿನಲ್ಲಿ ಮುಖ ತೋರಿಸುವುದೂ ಕಷ್ಟ. ಅವಳಿಗೆ ಹೇಳಿದೆ.

"ಅರ್ಧ ಚೀಟಿ ಮಾಡ್ಕೊಳೋಣ್ವಾ? ಎರಡು ಸಾವಿರ ನಂದು, ಎರಡು ಸಾವಿರ ನಿಂದು. ಎತ್ತಿದಾಗ ಅರ್ಧರ್ಧ" ಅಂದಳು.

ಚೀಟಿ ನಡೆಸುವವರನ್ನು ಕೇಳಿದೆ. ಹೆಸರು ನನ್ನದೇ ಇರಲಿ, ದುಡ್ಡು ಹೇಗೆ ಹೊಂದಿಸುತ್ತೀರೋ ನಿಮಗೆ ಬಿಟ್ಟದ್ದು ಅಂದರು. ನಾನು ಆಗಲೇ ಕಟ್ಟಿದ್ದ ಎರಡು ಕಂತಿನ ಅರ್ಧ 4,000 ಅವಳು ಅವತ್ತೇ ಕಳಿಸಿದಳು. ಹಾಲಿನ ಪುಸ್ತಕದ ಅದೇ ಹಿಂದಿನ ಹಾಳೆಯಲ್ಲಿ, ಗೋಲ ಹಾಕಿದ ಎರಡು ಅಂಕಿಗಳ ಕೆಳಗೆ, ಇಬ್ಬರ ಹೆಸರಿನ ಮುಂದೆ 2,000, 2,000 ಅಂತ ಬರೆದು ಇಬ್ಬರೂ ಸಹಿ ಮಾಡಿದೆವು. ಸೆಪ್ಟೆಂಬರ್ 5ರ ಕಂತು ಹಾಗೆ ಕಟ್ಟಿದ್ದು.